ಎಂಟು ಗಂಟೆಯ ಆಲಮಟ್ಟಿ

ಮಳೆಗಾಲದ ಒಂದು ಮುಂಜಾನೆ ಆಲಮಟ್ಟಿಯ ಅಣೆಕಟ್ಟಿನ ಮೇಲೆ ನಿಂತು ಪಶ್ಚಿಮಕ್ಕೆ ನೋಡುವವನಿಗೆ ನೀರು ಆಕಾಶದ ಅಂಚಿನವರೆಗೂ ಹಬ್ಬಿರುವುದು ಕಾಣುವುದು; ಪೂರ್ವಕ್ಕೆ ತಿರುಗಿದರೆ ಗೇಟುಗಳಿಂದ ಧುಮುಕಿದ ಕೃಷ್ಣೆ ನೊರೆಗಟ್ಟಿ ನಾರಾಯಣಪುರದ ಕಡೆಗೆ ಸಾಗುವುದು ಕಾಣುವುದು. ಈ ಎರಡು ನೋಟಗಳ ನಡುವೆ ನಿಂತವನಿಗೆ ಸಹಜವಾಗಿಯೇ ಒಂದು ಪ್ರಶ್ನೆ ಏಳುವುದು: ಈ ಕ್ಷಣದಲ್ಲಿ ಒಳಗೆ ಎಷ್ಟು ಬರುತ್ತಿದೆ, ಹೊರಗೆ ಎಷ್ಟು ಹೋಗುತ್ತಿದೆ, ಉಳಿದಿರುವುದೆಷ್ಟು? ಇಂದಿನ ಕಾಲದಲ್ಲಿ ಇದಕ್ಕೆ ಉತ್ತರ ಹೇಳುವುದು ಗಣಕಯಂತ್ರದ ಪರದೆಯ ಮೇಲಿನ ಒಂದು ಡ್ಯಾಶ್‌ಬೋರ್ಡ್. ಅದರಲ್ಲಿ ಮಟ್ಟ, ಸಂಗ್ರಹ, ಒಳಹರಿವು, ಹೊರಹರಿವು, ನಾರಾಯಣಪುರದ ಸ್ಥಿತಿ, ಕೊಯ್ನಾದಿಂದ ಬಿಟ್ಟ ನೀರು, ಮಹಾಬಳೇಶ್ವರದ ಮಳೆ, ಎಲ್ಲವೂ ಒಂದೇ ಚೌಕಟ್ಟಿನೊಳಗೆ, ಒಂದೇ ಗಾತ್ರದ ಅಕ್ಷರಗಳಲ್ಲಿ, ಒಂದೇ ಕ್ಷಣದಲ್ಲಿ ಅಳೆದವೋ ಎಂಬಂತೆ ಸಾಲಾಗಿ ನಿಂತಿರುವುವು. ಆದರೆ ಅವು ಒಂದೇ ಕ್ಷಣದವಲ್ಲ. ಒಂದು ಈಗ ತಾನೇ ಬಂದದ್ದು, ಇನ್ನೊಂದು ಎರಡು ಗಂಟೆಯ ಹಿಂದಿನದು, ಮತ್ತೊಂದು ನಿನ್ನೆಯ ದಿನವೆಲ್ಲಾ ಸುರಿದುದರ ಮೊತ್ತ. ಇವನ್ನು ಪರಸ್ಪರ ವಿರೋಧವಿಲ್ಲದ ಒಂದೇ ಚಿತ್ರವಾಗಿ ಜೋಡಿಸುವ ಬಗೆಯನ್ನು ಈ ಅಧ್ಯಾಯದಲ್ಲಿ ಆಲಮಟ್ಟಿಯನ್ನೇ ಮುಂದಿಟ್ಟುಕೊಂಡು ನೋಡೋಣ.

ಮೊದಲು ಈ ಜಲಾಶಯದ ಪರಿಚಯ. 1964ರಲ್ಲಿ ಲಾಲ್ ಬಹಾದುರ್ ಶಾಸ್ತ್ರಿಯವರು ಶಂಕುಸ್ಥಾಪನೆ ಮಾಡಿದ, ಇಂದು ಅವರ ಹೆಸರನ್ನೇ ಹೊತ್ತಿರುವ ಈ ಸಾಗರದ ಪೂರ್ಣ ಮಟ್ಟ ಸಮುದ್ರಮಟ್ಟದಿಂದ 519.60 ಮೀಟರು, ಆ ಮಟ್ಟದಲ್ಲಿ ಸಂಗ್ರಹ ಸುಮಾರು 123 ಟಿಎಂಸಿ. ಟಿಎಂಸಿಯೆಂದರೆ ನೂರು ಕೋಟಿ ಘನ ಅಡಿ. ಅಣೆಕಟ್ಟಿಗೆ 26 ಗೇಟುಗಳು. ಅವುಗಳ ಪಕ್ಕದಲ್ಲಿ 290 ಮೆಗಾವ್ಯಾಟ್ ಸಾಮರ್ಥ್ಯದ ವಿದ್ಯುದಾಗಾರ. ಅಲ್ಲಿಂದ ಬಿಟ್ಟ ನೀರು ಕೂಡಲಸಂಗಮದಲ್ಲಿ ಮಲಪ್ರಭೆಯನ್ನು ಕೂಡಿಕೊಂಡು ನಾರಾಯಣಪುರದ ಬಸವಸಾಗರವನ್ನು ಸೇರುವುದು. ಮುಂದಿನ ಲೆಕ್ಕಕ್ಕೆ ಇನ್ನೊಂದು ಸಂಖ್ಯೆ ಬೇಕಾಗುವುದು: ಪೂರ್ಣ ಮಟ್ಟದ ಸಮೀಪದಲ್ಲಿ ನೀರು ಒಂದು ಮೀಟರು ಏರಿದರೆ ಸಂಗ್ರಹ ಸುಮಾರು 16 ಟಿಎಂಸಿ ಹೆಚ್ಚುವುದೆಂದು ಇಟ್ಟುಕೊಂಡರೆ ಒಂದು ಸೆಂಟಿಮೀಟರಿಗೆ 0.16 ಟಿಎಂಸಿ ಆಯಿತು. ಒಂದು ಬೆರಳಿನ ದಪ್ಪಕ್ಕೂ ಕಡಮೆಯಾದ ಏರಿಕೆಯಲ್ಲಿ ಹದಿನಾರು ಕೋಟಿ ಘನ ಅಡಿ ನೀರು ಅಡಗಿರುವುದೆಂಬುದು ನೆನಪಿನಲ್ಲಿರಲಿ.

ಈಗ ಪರದೆಯ ಮೇಲಿನ ಸಂಖ್ಯೆಗಳು ಹುಟ್ಟುವ ಬಗೆ. ಮಟ್ಟವನ್ನು ನೇರವಾಗಿ ಅಳೆಯುವರು. ಹೊರಹರಿವನ್ನು ಅಳೆಯುವುದಕ್ಕಿಂತ ಲೆಕ್ಕಹಾಕುವುದೇ ಹೆಚ್ಚು: ಯಾವ ಗೇಟು ಎಷ್ಟು ಎತ್ತರ ತೆರೆದಿದೆ, ಅದರ ಹಿಂದೆ ನೀರು ಎಷ್ಟು ಎತ್ತರ ನಿಂತಿದೆ ಎಂಬ ಎರಡರಿಂದ ಅದು ದೊರೆಯುವುದು, ವಿದ್ಯುದಾಗಾರದ ಮೂಲಕ ಇಳಿದ ನೀರನ್ನು ಅದಕ್ಕೆ ಕೂಡಿಸಬೇಕು. ಒಳಹರಿವಿನ ಸಂಗತಿ ಇನ್ನೂ ವಿಚಿತ್ರ. ಪತ್ರಿಕೆಗಳಲ್ಲಿ ಪ್ರತಿದಿನವೂ ಅಚ್ಚಾಗುವ, ನದೀತೀರದ ಹಳ್ಳಿಗಳವರು ಕಾತರದಿಂದ ಓದುವ ಈ ಅಂಕಿಯನ್ನು ಅಣೆಕಟ್ಟಿನಲ್ಲಿ ಯಾರೂ ಅಳೆಯುವುದಿಲ್ಲ, ಅಳೆಯಲು ಬರುವಂತೆಯೂ ಇಲ್ಲ. ಕೃಷ್ಣೆ ಒಂದು ಕಡೆಯಿಂದ, ಘಟಪ್ರಭೆ ಇನ್ನೊಂದು ಕಡೆಯಿಂದ, ಸಣ್ಣ ಹಳ್ಳಗಳು ಹತ್ತಾರು ಕಡೆಗಳಿಂದ ಬಂದು ಸೇರುವ ಆ ವಿಶಾಲ ಹಿನ್ನೀರಿನ ಅಂಚಿನಲ್ಲಿ ಅಳತೆಯ ಕೋಲನ್ನು ಎಲ್ಲಿ ನೆಡುವುದು? ಆದುದರಿಂದ ಒಳಹರಿವನ್ನು ಹಿಂದುಮುಂದಾಗಿ ಕಂಡುಹಿಡಿಯುವರು: ಒಂದು ಅವಧಿಯಲ್ಲಿ ಸಂಗ್ರಹ ಎಷ್ಟು ಹೆಚ್ಚಿತೋ ಅಷ್ಟು, ಅದರ ಜೊತೆಗೆ ಅದೇ ಅವಧಿಯಲ್ಲಿ ಹೊರಗೆ ಹೋದುದೆಷ್ಟೋ ಅಷ್ಟು, ಇವೆರಡೂ ಕೂಡಿದರೆ ಒಳಗೆ ಬಂದುದು. ಇಲ್ಲಿ ‘ಅದೇ ಅವಧಿಯಲ್ಲಿ’ ಎಂಬ ಎರಡು ಮಾತುಗಳ ಮೇಲೆಯೇ ಸಮಸ್ತವೂ ನಿಂತಿದೆ.

ಒಂದು ಕಲ್ಪಿತ ಆಗಸ್ಟ್ ಮುಂಜಾನೆಯನ್ನು ತೆಗೆದುಕೊಂಡು ಇದನ್ನು ಅಂಕಿಗಳಿಂದಲೇ ನೋಡೋಣ. ನದಿಯಿಂದ ಸ್ಥಿರವಾಗಿ 1,80,000 ಕ್ಯುಸೆಕ್ ಬರುತ್ತಿದೆ. ಎಂದರೆ ಸೆಕೆಂಡಿಗೆ ಅಷ್ಟು ಘನ ಅಡಿ. ನಾಲ್ಕು ಗಂಟೆಗೆ ಮಟ್ಟ 519.20 ಮೀಟರು, ಹೊರಹರಿವು 1,00,000 ಕ್ಯುಸೆಕ್. ಬರುವುದು ಹೆಚ್ಚು, ಹೋಗುವುದು ಕಡಮೆಯಾದುದರಿಂದ ಆರು ಗಂಟೆಯ ಹೊತ್ತಿಗೆ ಮಟ್ಟ ಏರಿ, ಸೆಂಟಿಮೀಟರಿಗೆ ಸರಿಯಾಗಿ ಓದಿದಾಗ 519.24 ಆಯಿತು. ಆಗ ಅಧಿಕಾರಿಗಳು ಗೇಟುಗಳನ್ನು ಇನ್ನಷ್ಟು ಎತ್ತಿ ಹೊರಹರಿವನ್ನು 2,20,000 ಕ್ಯುಸೆಕ್‌ಗೆ ಏರಿಸಿದರು. ಈಗ ಹೋಗುವುದೇ ಹೆಚ್ಚಾಗಿ, ಎಂಟು ಗಂಟೆಗೆ ಮಟ್ಟ 519.22ಕ್ಕೆ ಇಳಿಯಿತು. ನಿಜವಾಗಿ ನಡೆದುದು ಇಷ್ಟೇ.

ಎಂಟು ಗಂಟೆ ಐದು ನಿಮಿಷಕ್ಕೆ ಪರದೆಯನ್ನು ತೆರೆದವನಿಗೆ ಕಾಣುವುದೇನು? ಗೇಟಿನ ವರದಿ ಎಂಟು ಗಂಟೆಯದು ಬಂದಿದೆ. ಮಟ್ಟದ ವರದಿ ಮಾತ್ರ ದಾರಿಯಲ್ಲಿ ತಡೆದು, ಆರು ಗಂಟೆಯದೇ ಕೊನೆಯದಾಗಿ ನಿಂತಿದೆ. ಪ್ರತಿಯೊಂದು ಮೂಲದಿಂದಲೂ ‘ಇತ್ತೀಚಿನದನ್ನು’ ಎತ್ತಿಕೊಳ್ಳುವಂತೆ ಬರೆದ ಕ್ರಮವಿಧಿ ಹೀಗೆ ಲೆಕ್ಕಹಾಕುವುದು: ಕೊನೆಯ ಎರಡು ಓದುಗಳ ನಡುವೆ ಮಟ್ಟ ನಾಲ್ಕು ಸೆಂಟಿಮೀಟರು ಏರಿದೆ, ಅದು 0.64 ಟಿಎಂಸಿ, ಎರಡು ಗಂಟೆಗೆ ಹಂಚಿದರೆ ಸುಮಾರು 88,900 ಕ್ಯುಸೆಕ್. ಇತ್ತೀಚಿನ ಹೊರಹರಿವು 2,20,000. ಆದುದರಿಂದ ಒಳಹರಿವು 3,08,900 ಕ್ಯುಸೆಕ್. ನದಿಯಲ್ಲಿ ಬರುತ್ತಿರುವುದು 1,80,000. ಇಲ್ಲದ ಸುಮಾರು ಒಂದು ಲಕ್ಷ ಇಪ್ಪತ್ತೊಂಬತ್ತು ಸಾವಿರ ಕ್ಯುಸೆಕ್ ಹುಟ್ಟಿತು; ಅದರಲ್ಲಿ 1,20,000 ಕೇವಲ ಎರಡು ಗಡಿಯಾರಗಳ ಅಂತರದಿಂದ, ಉಳಿದುದು ಮಟ್ಟವನ್ನು ಸೆಂಟಿಮೀಟರಿಗೆ ಓದಿದುದರಿಂದ. ಮಟ್ಟವೂ ಸುಳ್ಳಲ್ಲ, ಹೊರಹರಿವೂ ಸುಳ್ಳಲ್ಲ. ಅವೆರಡನ್ನೂ ಕೂಡಿಸಿದುದೇ ಸುಳ್ಳು. ಈ ಸಂಖ್ಯೆಯನ್ನು ನಂಬಿ ಮತ್ತೂ ಗೇಟು ಎತ್ತಿದರೆ ಇಲ್ಲದ ಪ್ರವಾಹ ನಾರಾಯಣಪುರದ ಕೆಳಗಿನ ಹೊಲಗಳಿಗೆ ನಿಜವಾದ ಪ್ರವಾಹವಾಗಿ ನುಗ್ಗುವುದು.

ಈ ದೋಷಕ್ಕೆ ಒಂದು ಸ್ಪಷ್ಟ ಲಕ್ಷಣವುಂಟು. ಗೇಟು ತೆರೆದ ವರದಿ ಬಂದ ಕ್ಷಣದಲ್ಲಿಯೇ ಒಳಹರಿವು ಜಿಗಿದಿದ್ದು, ಆ ಜಿಗಿತದ ಪ್ರಮಾಣ ಗೇಟಿನಿಂದ ಹೆಚ್ಚಿಸಿದ ಪ್ರಮಾಣಕ್ಕೆ ಸಮನಾಗಿದ್ದರೆ, ಅದು ನದಿಯ ಕೆಲಸವಲ್ಲ. ಮೇಲಿನ ಉದಾಹರಣೆಯಲ್ಲಿ ಆರು ಗಂಟೆಯ ಲೆಕ್ಕ 1,88,900, ಎಂಟರದು 3,08,900. ವ್ಯತ್ಯಾಸ ಸರಿಯಾಗಿ 1,20,000. ಮಹಾಬಳೇಶ್ವರದ ಮೋಡಗಳಿಗೆ ಆಲಮಟ್ಟಿಯ ಗೇಟು ಎಷ್ಟು ಎತ್ತಿದರೆಂಬುದು ತಿಳಿಯಲು ಮಾರ್ಗವಿಲ್ಲ.

ಪರಿಹಾರದ ಮೊದಲ ಮೆಟ್ಟಲು, ಪ್ರತಿಯೊಂದು ಓದಿಗೂ ಎರಡು ಕಾಲಗಳಿರುವುವೆಂದು ಒಪ್ಪಿಕೊಳ್ಳುವುದು: ನೀರನ್ನು ನೋಡಿದ ಕಾಲ ಒಂದು, ಆ ಸಂಖ್ಯೆ ನಮ್ಮ ಕೈ ಸೇರಿದ ಕಾಲ ಇನ್ನೊಂದು. ಬಹಳ ವರ್ಷಗಳ ಹಿಂದೆ ಆ ಸೀಮೆಯಲ್ಲಿ ನದಿಯ ಮಟ್ಟ ಬರೆಯುತ್ತಿದ್ದ ಒಬ್ಬ ವೃದ್ಧರ ಪುಸ್ತಕವನ್ನು ನೋಡುವ ಅವಕಾಶ ನನಗೆ ದೊರೆತಿತ್ತು. ಪ್ರತಿ ಸಾಲಿನಲ್ಲಿಯೂ ಮಟ್ಟಕ್ಕಿಂತ ಮೊದಲು ಗಂಟೆ ಮತ್ತು ನಿಮಿಷ. ಒಂದು ಕಡೆ ಸಂಖ್ಯೆ ಇದ್ದು ಗಂಟೆ ಇಲ್ಲದ ಸಾಲನ್ನು ಅವರೇ ಅಡ್ಡಗೆರೆ ಎಳೆದು ಹೊಡೆದುಹಾಕಿದ್ದರು. ಏಕೆಂದು ಕೇಳಿದಾಗ, “ಯಾವಾಗ ನೋಡಿದ್ದು ಅಂತ ಇಲ್ಲದ ನೀರು ಯಾವ ನೀರ್ರಿ ಸಾಹೇಬ್ರ? ಅದನ್ನ ಇಟ್ಕೊಂಡು ಏನ್ ಮಾಡೂದು?” ಎಂದರು. ಅವರ ಆ ಒಂದು ಗೆರೆ ಈ ಶಾಸ್ತ್ರದ ಪ್ರಥಮ ಸೂತ್ರವೆಂದೇ ನಾನು ಎಣಿಸಿದ್ದೇನೆ.

ಎರಡನೆಯ ಮೆಟ್ಟಲು, ಚಿತ್ರ ಯಾವ ಕ್ಷಣದ್ದೆಂದು ಮೊದಲೇ ನಿರ್ಣಯಿಸುವುದು. ಇದನ್ನು ಪ್ರಮಾಣಕ್ಷಣವೆಂದು ಕರೆಯೋಣ. ‘ಈಗ’ ಎಂಬುದು ಪ್ರಮಾಣಕ್ಷಣವಾಗಲಾರದು, ಏಕೆಂದರೆ ‘ಈಗಿನ’ ವರದಿ ಯಾವ ಮೂಲದಿಂದಲೂ ಇನ್ನೂ ಬಂದಿರುವುದಿಲ್ಲ. ಎಂಟು ಗಂಟೆಯನ್ನು ಪ್ರಮಾಣಕ್ಷಣವಾಗಿ ಇಟ್ಟುಕೊಂಡು, ತಡವಾಗಿ ಬರುವ ವರದಿಗಳಿಗಾಗಿ ಇಪ್ಪತ್ತು ನಿಮಿಷ ಕಾದು, ಎಂಟು ಇಪ್ಪತ್ತಕ್ಕೆ ಚಿತ್ರವನ್ನು ಮುದ್ರೆಯೊತ್ತಿ ಮುಗಿಸುವೆವೆಂದು ಭಾವಿಸಿರಿ. ಆಗ ಪ್ರತಿ ಮೂಲದಿಂದಲೂ ಆರಿಸಬೇಕಾದುದು ಇತ್ತೀಚೆಗೆ ಬಂದ ಓದನ್ನಲ್ಲ. ಎಂಟು ಗಂಟೆಗೆ ಅಥವಾ ಅದಕ್ಕೆ ಹಿಂದೆ ನೋಡಿದ್ದು, ಎಂಟು ಇಪ್ಪತ್ತರೊಳಗೆ ಕೈ ಸೇರಿದ್ದು, ಅಂಥವುಗಳಲ್ಲಿ ಕೊನೆಯದನ್ನು. ಪೋಸ್ಟ್‌ಗ್ರೆಸ್ ಎಂಬ ದತ್ತಸಂಚಯದ ಭಾಷೆಯಲ್ಲಿ ಇದು ಆರು ಸಾಲಿನ ಮಾತು:

```sql
SELECT DISTINCT ON (station)
       station, observed_at, value
FROM   readings
WHERE  observed_at <= :cutoff
  AND  received_at <= :frozen_at
ORDER  BY station, observed_at DESC, received_at DESC;
```

ಇಲ್ಲಿ `observed_at` ನೋಡಿದ ಕಾಲ, `received_at` ಕೈ ಸೇರಿದ ಕಾಲ. ಕೊನೆಯ ಸಾಲಿನ ಕೊನೆಯ ಮಾತು ಸಣ್ಣದಾಗಿ ಕಂಡರೂ ಅದರ ಕೆಲಸ ದೊಡ್ಡದು: ಒಂದೇ ಗಂಟೆಯ ಓದನ್ನು ತಿದ್ದಿ ಎರಡನೆಯ ಸಲ ಕಳುಹಿಸಿದ್ದರೆ, ತಿದ್ದಿದುದನ್ನೇ ಅದು ಆರಿಸುವುದು. ತಿದ್ದುಪಡಿಗಳು ಅಪರೂಪವಲ್ಲ. 519.24 ಎಂಬುದನ್ನು ಅವಸರದಲ್ಲಿ 519.42 ಎಂದು ಬೆರಳಚ್ಚು ಮಾಡಿದರೆ ಹದಿನೆಂಟು ಸೆಂಟಿಮೀಟರಿನ ಸುಳ್ಳು ಏರಿಕೆ ಎರಡು ಗಂಟೆಯಲ್ಲಿ ನಾಲ್ಕು ಲಕ್ಷ ಕ್ಯುಸೆಕ್ ಇಲ್ಲದ ನೀರನ್ನು ತರುವುದು. ಹಳೆಯ ಸಂಖ್ಯೆಯನ್ನು ಅಳಿಸಿ ಅದರ ಮೇಲೆಯೇ ಹೊಸದನ್ನು ಬರೆಯುವುದು ಮಾತ್ರ ಸಲ್ಲದು. ಹಾಗೆ ಮಾಡಿದರೆ, ಎಂಟು ಇಪ್ಪತ್ತಕ್ಕೆ ಅಧಿಕಾರಿ ಕಂಡುದೇನು, ಯಾವುದನ್ನು ಕಂಡು ಅವನು ಗೇಟು ಎತ್ತಿದನು ಎಂಬುದು ಮರುದಿನ ಯಾರಿಗೂ ತಿಳಿಯದು. 2019ರ ಆಗಸ್ಟಿನಲ್ಲಿ ಸಾಂಗಲಿ, ಕೊಲ್ಲಾಪುರಗಳು ಮುಳುಗಿದಾಗ ಆಲಮಟ್ಟಿಯ ಹಿನ್ನೀರಿನ ವಿಷಯವಾಗಿ ಎರಡು ರಾಜ್ಯಗಳ ನಡುವೆ ಎದ್ದ ವಾದವನ್ನು ನೆನೆದರೆ, ಯಾವ ಗಂಟೆಗೆ ಯಾವ ಸಂಖ್ಯೆ ಯಾರ ಕಣ್ಣ ಮುಂದಿತ್ತು ಎಂಬುದಕ್ಕೆ ಎಷ್ಟು ಬೆಲೆಯೆಂಬುದು ತಾನಾಗಿ ಹೊಳೆಯುವುದು. ಮುದ್ರೆಯೊತ್ತಿದ ಚಿತ್ರವನ್ನು ಹಾಗೆಯೇ ಉಳಿಸಿ, ತಡವಾಗಿ ಬಂದುದನ್ನು ಸೇರಿಸಿದ ಚಿತ್ರವನ್ನು ಎರಡನೆಯ ಆವೃತ್ತಿಯೆಂದು ಬೇರೆಯಾಗಿ ಹೊರಡಿಸುವುದೇ ನ್ಯಾಯವಾದ ಮಾರ್ಗ.

ಎಂಟು ಇಪ್ಪತ್ತಾದರೂ ಎಂಟು ಗಂಟೆಯ ಮಟ್ಟ ಬಾರದಿದ್ದರೆ? ಎರಡು ದಾರಿಗಳುಂಟು. ಎಲ್ಲ ಮೂಲಗಳೂ ತಲಪಿರುವ ಕ್ಷಣಕ್ಕೆ, ಎಂದರೆ ಆರು ಗಂಟೆಗೆ, ಇಡೀ ಚಿತ್ರವನ್ನು ಹಿಂದೆ ಸರಿಸಬಹುದು. ಆಗ ಚಿತ್ರ ಹಳೆಯದು, ಆದರೆ ಸತ್ಯ. ಇಲ್ಲವೇ, ಇರುವ ಓದನ್ನು ಅದರ ವಯಸ್ಸಿನೊಡನೆ ತೋರಿಸಿ, ಅದನ್ನು ಅವಲಂಬಿಸಿದ ಒಳಹರಿವಿನ ಜಾಗವನ್ನು ಬರಿದಾಗಿ ಬಿಡಬಹುದು. ಪ್ರವಾಹದ ಹೊತ್ತಿನಲ್ಲಿ ನನ್ನ ಮತ ಎರಡನೆಯದರ ಕಡೆಗೆ. ಹೊರಹರಿವು ಈಗ ಎಷ್ಟೆಂಬುದನ್ನು ಮಟ್ಟ ಬರಲಿಲ್ಲವೆಂಬ ಕಾರಣಕ್ಕೆ ಮುಚ್ಚಿಡುವುದು ಯುಕ್ತವಲ್ಲ.

ಮೂರನೆಯದೊಂದು ದಾರಿ ಆಕರ್ಷಕವಾಗಿ ತೋರುವುದು, ಅದನ್ನು ಕುರಿತು ಎಚ್ಚರಿಕೆ ಬೇಕು: ಇಲ್ಲದ ಓದನ್ನು ಅಕ್ಕಪಕ್ಕದ ಓದುಗಳಿಂದ ಊಹಿಸಿ ತುಂಬುವುದು. ಮಟ್ಟ ಕ್ರಮವಾಗಿ ಏರಿಳಿಯುವ ವಸ್ತುವಾದುದರಿಂದ ಎರಡು ಓದುಗಳ ನಡುವೆ ನೇರ ಗೆರೆ ಎಳೆಯಬಹುದೆಂದು ತೋರುವುದು. ಆದರೆ ನಮ್ಮ ಉದಾಹರಣೆಯಲ್ಲಿ ಆರು ಗಂಟೆಯ ಓದು ಕಳೆದುಹೋಗಿ, ನಾಲ್ಕರ 519.20 ಮತ್ತು ಎಂಟರ 519.22 ಮಾತ್ರ ಉಳಿದಿದ್ದರೆ, ಗೆರೆ ಎಳೆದವನಿಗೆ ದೊರೆಯುವುದು 519.21, ಇದ್ದುದು 519.24. ನಡುವೆ ಗೇಟು ತೆರೆದುದೇ ಇದಕ್ಕೆ ಕಾರಣ. ಗೇಟಿನ ಹೊರಹರಿವಂತೂ ಮೆಟ್ಟಿಲಿನಂತೆ ಒಮ್ಮೆಗೇ ಜಿಗಿಯುವ ವಸ್ತು. ಅದಕ್ಕೆ ಗೆರೆಯೆಳೆಯುವುದೇ ತಪ್ಪು, ಮುಂದಿನ ಬದಲಾವಣೆಯ ವರದಿಯವರೆಗೆ ಹಿಂದಿನದನ್ನೇ ಹಿಡಿದಿಡಬೇಕು. ಮಳೆಯಾದರೋ ಒಂದು ಕ್ಷಣದ ಸಂಗತಿಯೇ ಅಲ್ಲ. ಹವಾಮಾನ ಇಲಾಖೆಯ ದಿನ ಬೆಳಗಿನ ಎಂಟೂವರೆಯಿಂದ ಮರುದಿನದ ಎಂಟೂವರೆಯವರೆಗೆ. ಆದುದರಿಂದ ಮಹಾಬಳೇಶ್ವರದಲ್ಲಿ ‘ಇಂದು’ ಬಿದ್ದುದೆಂದು ದಾಖಲಾಗುವ ಮಳೆಯ ಬಹುಭಾಗ ಬಿದ್ದುದು ನಿನ್ನೆ. ಗಣಕಗಳು ಗ್ರೀನಿಚ್ ಕಾಲದಲ್ಲಿ ದಿನವನ್ನು ಎಣಿಸತೊಡಗಿದರೆ ಅವುಗಳ ಹೊಸ ದಿನ ಹುಟ್ಟುವುದು ನಮ್ಮ ಬೆಳಗಿನ ಐದೂವರೆಗೆ, ಆಗ ಒಂದೇ ತಾರೀಖಿನಡಿ ಮೂರು ಬಗೆಯ ದಿನಗಳು ಸೇರಿಕೊಳ್ಳುವುವು.

ಇಲ್ಲಿಯವರೆಗೆ ನೋಡಿದುದು ಒಂದು ಜಲಾಶಯವನ್ನು. ಎರಡು ಜಲಾಶಯಗಳನ್ನು ಒಟ್ಟಿಗೆ ನೋಡತೊಡಗಿದಾಗ ಇನ್ನೂ ಗಹನವಾದ ಒಂದು ಪ್ರಶ್ನೆ ಎದುರಾಗುವುದು. ಆಲಮಟ್ಟಿ ಮತ್ತು ನಾರಾಯಣಪುರ ಎರಡರಲ್ಲಿಯೂ ಸೇರಿ ಈಗ ಎಷ್ಟು ನೀರಿದೆ ಎಂದು ಕೇಳಿದರೆ, ಎರಡು ಸಂಗ್ರಹಗಳನ್ನು ಕೂಡಿಸಿದರಾಯಿತೆಂದು ಯಾರಾದರೂ ಹೇಳುವರು. ಆಲಮಟ್ಟಿಯ ಓದು ಆರು ಗಂಟೆಯದಾಗಿದ್ದು ನಾರಾಯಣಪುರದ್ದು ಎಂಟರದಾಗಿದ್ದರೆ? ಆರರಿಂದ ಎಂಟರವರೆಗೆ 2,20,000 ಕ್ಯುಸೆಕ್‌ನಂತೆ ಆಲಮಟ್ಟಿಯಿಂದ ಹೊರಟ ನೀರು 1.58 ಟಿಎಂಸಿ. ಆರರ ಓದಿನಲ್ಲಿ ಆ ನೀರು ಇನ್ನೂ ಆಲಮಟ್ಟಿಯಲ್ಲಿದೆ. ಎಂಟರ ಓದಿನಲ್ಲಿ ಅದರಲ್ಲಿ ಎಷ್ಟು ನಾರಾಯಣಪುರವನ್ನು ಮುಟ್ಟಿದೆಯೋ ಅಷ್ಟು ಅಲ್ಲಿಯೂ ಇದೆ. ಒಂದೇ ನೀರು ಎರಡು ಸಲ ಎಣಿಕೆಯಾಯಿತು.

ಈ ಪ್ರಶ್ನೆಯನ್ನು ನೀರಿನ ವಿಷಯದಲ್ಲಿ ಅಲ್ಲ, ಪರಸ್ಪರ ಸಂದೇಶ ಕಳುಹಿಸುವ ಗಣಕಗಳ ವಿಷಯದಲ್ಲಿ ಎತ್ತಿಕೊಂಡು ಶುದ್ಧವಾಗಿ ಬಿಡಿಸಿದವರು ಕೆ. ಮಣಿ ಚಾಂಡಿ ಮತ್ತು ಲೆಸ್ಲಿ ಲ್ಯಾಂಪೋರ್ಟ್ ಎಂಬ ಇಬ್ಬರು ವಿಜ್ಞಾನಿಗಳು, 1985ರಲ್ಲಿ. ವಲಸೆಯ ಹಕ್ಕಿಗಳಿಂದ ತುಂಬಿದ ಆಕಾಶವನ್ನು ಒಬ್ಬನೇ ಛಾಯಾಚಿತ್ರಗ್ರಾಹಕ ಒಂದೇ ಚಿತ್ರದಲ್ಲಿ ಹಿಡಿಯಲಾರನು. ಹಲವರು ಹಲವು ಕ್ಷಣಗಳಲ್ಲಿ ತೆಗೆದ ತುಂಡುಗಳನ್ನು ಜೋಡಿಸಬೇಕು. ಜೋಡಿಸಿದ ಚಿತ್ರ ಅರ್ಥವುಳ್ಳದ್ದಾಗಿರಲು ಏನು ಬೇಕು, ಎಂಬುದು ಅವರು ಕೊಟ್ಟ ಉಪಮಾನ. ಅವರು ಕಂಡ ಉತ್ತರದ ತಿರುಳನ್ನು ಕೃಷ್ಣೆಯ ಭಾಷೆಗೆ ತಿರುಗಿಸಿದರೆ ಹೀಗಾಗುವುದು: ಎಲ್ಲ ಓದುಗಳೂ ಒಂದೇ ಕ್ಷಣದವಾಗಿರಲೇಬೇಕೆಂಬ ನಿರ್ಬಂಧವಿಲ್ಲ, ಆದರೆ ಮೇಲಿನ ಓದಿನ ಪ್ರಕಾರ ಇನ್ನೂ ಬಿಡದೆ ಇರುವ ನೀರು ಕೆಳಗಿನ ಓದಿನಲ್ಲಿ ಬಂದು ಸೇರಿರಕೂಡದು. ಕಾರಣವಿಲ್ಲದೆ ಕಾರ್ಯ ಚಿತ್ರದಲ್ಲಿ ಕಾಣಿಸಿಕೊಂಡರೆ ಆ ಚಿತ್ರ ಅಸಂಗತ. ಇದಕ್ಕೆ ವಿಪರೀತವಾದುದು, ಎಂದರೆ ಮೇಲೆ ಬಿಟ್ಟಾಗಿದೆ, ಕೆಳಗೆ ಇನ್ನೂ ಸೇರಿಲ್ಲ ಎಂಬುದು, ಅಸಂಗತವಲ್ಲ. ಆ ನೀರು ದಾರಿಯಲ್ಲಿದೆ. ಆದರೆ ದಾರಿಯಲ್ಲಿರುವುದನ್ನೂ ಚಿತ್ರದಲ್ಲಿ ಬರೆಯಬೇಕು. ಬರೆಯದಿದ್ದರೆ ಆಲಮಟ್ಟಿ ಎಂಟರದು, ನಾರಾಯಣಪುರ ಆರರದು ಎಂಬ ಜೋಡಣೆಯಲ್ಲಿ ನಡುವಿನ ನೀರು ಎರಡು ಕಡೆಯ ಲೆಕ್ಕದಿಂದಲೂ ಜಾರಿಹೋಗುವುದು.

ಈ ‘ದಾರಿಯಲ್ಲಿರುವ ನೀರು’ ಕೃಷ್ಣೆಯ ಮೇಲ್ಭಾಗದಲ್ಲಿ ಅತ್ಯಂತ ದೊಡ್ಡದು. ಕೊಯ್ನಾ ಅಣೆಕಟ್ಟಿನಿಂದ ಬಿಟ್ಟ ನೀರು ಕರಾಡಿನಲ್ಲಿ ಕೃಷ್ಣೆಯನ್ನು ಸೇರಿ, ಸಾಂಗಲಿಯನ್ನು ಹಾಯ್ದು, ವಾರಣಾ ಪಂಚಗಂಗೆಗಳನ್ನು ಕೂಡಿಕೊಂಡು, ರಾಜಾಪುರದ ಬ್ಯಾರೇಜನ್ನು ಕಳೆದು, ಹಿಪ್ಪರಗಿಯ ಮೂಲಕ ಆಲಮಟ್ಟಿಯನ್ನು ಮುಟ್ಟಲು ಒಂದು ದಿನಕ್ಕೂ ಮಿಗಿಲಾದ ಕಾಲ ಹಿಡಿಯುವುದು. ಕೊಯ್ನಾದಿಂದ 50,000 ಕ್ಯುಸೆಕ್ ಬಿಟ್ಟರೆ ಒಂದೊಂದು ದಿನಕ್ಕೂ 4.32 ಟಿಎಂಸಿಯಂತೆ ನದಿಯ ಪಾತ್ರವೇ ಒಂದು ಅದೃಶ್ಯ ಜಲಾಶಯವಾಗಿ ತುಂಬಿಕೊಳ್ಳುವುದು. ಆದುದರಿಂದ ಡ್ಯಾಶ್‌ಬೋರ್ಡಿನಲ್ಲಿ ಕೊಯ್ನಾದ ಎಂಟರ ಬಿಡುಗಡೆಯನ್ನೂ ಆಲಮಟ್ಟಿಯ ಎಂಟರ ಒಳಹರಿವನ್ನೂ ಪಕ್ಕಪಕ್ಕದಲ್ಲಿಟ್ಟು, ಎರಡೂ ಎಂಟರವೇ, ಆದರೂ ತಾಳೆಯಾಗುತ್ತಿಲ್ಲವೆಂದು ಆಶ್ಚರ್ಯಪಡುವವನು ಎರಡು ಬೇರೆಯ ವಿಳಂಬಗಳನ್ನು ಒಂದೆಂದು ತಿಳಿದಿದ್ದಾನೆ. ವರದಿಯ ವಿಳಂಬವನ್ನು ನಾವು ಕಾದು ನೀಗಿಸಬಹುದು; ನೀರಿನ ವಿಳಂಬ ನದಿಗೆ ಸೇರಿದ್ದು, ಅದನ್ನು ಎಣಿಸಬಹುದೇ ಹೊರತು ತಿದ್ದಲಾಗದು. ಈ ಎರಡನ್ನು ಪ್ರತ್ಯೇಕವಾಗಿ ಬರೆಯದ ಪರದೆಗಳನ್ನು ನಾನು ಹಲವೆಡೆ ಕಂಡು ನೊಂದಿದ್ದೇನೆ.

ಕಾಲಗಳನ್ನೆಲ್ಲಾ ಸರಿಯಾಗಿ ಹೊಂದಿಸಿದ ಮೇಲೂ ಒಂದು ಮಿತಿ ಉಳಿಯುವುದು, ಅದನ್ನು ಮರೆಮಾಡಬಾರದು. ಮಟ್ಟವನ್ನು ಸೆಂಟಿಮೀಟರಿಗೆ ಓದುವೆವು. ಒಂದು ಸೆಂಟಿಮೀಟರು 0.16 ಟಿಎಂಸಿ. ಒಳಹರಿವನ್ನು ಗಂಟೆಗೊಮ್ಮೆ ಲೆಕ್ಕಹಾಕಿದರೆ, ಆ ಒಂದು ಸೆಂಟಿಮೀಟರಿನ ಅನಿಶ್ಚಯವೇ ಸುಮಾರು 44,000 ಕ್ಯುಸೆಕ್‌ನ ಏರಿಳಿತವಾಗಿ ಕಾಣುವುದು. ಗಾಳಿ ನೀರನ್ನು ಅಣೆಕಟ್ಟಿನ ಕಡೆಗೆ ಒತ್ತಿದರೂ ಸಾಕು, ಮಟ್ಟ ಅಷ್ಟು ಏರುವುದು. ನಾಲ್ಕು ಗಂಟೆಯ ಅವಧಿಯಲ್ಲಿ ಅದೇ ಅನಿಶ್ಚಯ 11,000ಕ್ಕೆ ಇಳಿಯುವುದು, ಇಡೀ ದಿನದ ಲೆಕ್ಕದಲ್ಲಿ ಎರಡು ಸಾವಿರಕ್ಕೂ ಕಡಮೆಯಾಗುವುದು. ನಮ್ಮ ಮುಂಜಾನೆಯನ್ನು ನಾಲ್ಕರಿಂದ ಎಂಟರವರೆಗೆ ಒಟ್ಟಾಗಿ ತೆಗೆದುಕೊಂಡು ನೋಡಿರಿ: ಮಟ್ಟದ ಏರಿಕೆ ಎರಡು ಸೆಂಟಿಮೀಟರು, ಅದು 0.32 ಟಿಎಂಸಿ, ಕ್ಯುಸೆಕ್‌ನಲ್ಲಿ 22,200, ಅದೇ ಅವಧಿಯ ಸರಾಸರಿ ಹೊರಹರಿವು, ಮೊದಲ ಎರಡು ಗಂಟೆ ಒಂದು ಲಕ್ಷ, ಮುಂದಿನ ಎರಡು ಗಂಟೆ ಎರಡು ಲಕ್ಷ ಇಪ್ಪತ್ತು ಸಾವಿರವಾದುದರಿಂದ, 1,60,000, ಕೂಡಿದರೆ 1,82,200. ನಿಜವಾದ 1,80,000ಕ್ಕೆ ಇಷ್ಟು ಸಮೀಪ ಬರಲು ಹೊಸ ಉಪಕರಣವೇನೂ ಬೇಕಾಗಲಿಲ್ಲ. ಆದರೆ ಇದು ಎಂಟು ಗಂಟೆಯ ಒಳಹರಿವಲ್ಲ, ನಾಲ್ಕರಿಂದ ಎಂಟರ ಸರಾಸರಿ. ಹಾಗೆಂದೇ ಸಂಖ್ಯೆಯ ಪಕ್ಕದಲ್ಲಿ ಬರೆಯಬೇಕು.

ಹೀಗೆ ಸಿದ್ಧವಾದ ಫಲಕ ಎಂಟು ಇಪ್ಪತ್ತಕ್ಕೆ ಹೇಗಿರುವುದೆಂದರೆ: ತಲೆಯ ಮೇಲೆ ‘8:00ರ ಸ್ಥಿತಿ, ಮೊದಲನೆಯ ಆವೃತ್ತಿ’, ಮಟ್ಟ 519.22, ನೋಡಿದ್ದು 8:00. ಹೊರಹರಿವು 2,20,000, ಗೇಟು ಬದಲಾದದ್ದು 6:00. ಒಳಹರಿವು 1,82,200, 4:00ರಿಂದ 8:00ರ ಸರಾಸರಿ, ಹನ್ನೊಂದು ಸಾವಿರ ಹೆಚ್ಚುಕಡಮೆ. ಮಹಾಬಳೇಶ್ವರದ ಮಳೆ, ನಿನ್ನೆಯ 8:30ಕ್ಕೆ ಮುಗಿದ ದಿನದ್ದು. ಕೊಯ್ನಾದ ಸಾಲಿನಲ್ಲಿ ನಿನ್ನೆ ಸಂಜೆಯ ಸಂಖ್ಯೆ, ಅದರ ಪಕ್ಕದಲ್ಲಿ ಅದರ ವಯಸ್ಸು. ಒಂಬತ್ತು ನಲವತ್ತಕ್ಕೆ ಕೊಯ್ನಾದ ಹೊಸ ವರದಿ ಬರುವುದು, ಆಗ ಎರಡನೆಯ ಆವೃತ್ತಿ ಹೊರಡುವುದು. ಮೊದಲನೆಯದು ತನ್ನ ಜಾಗದಲ್ಲಿ ಹಾಗೆಯೇ ಇರುವುದು.